ಚಿಕ್ಕಮ್ಮ ಬರೆದ ಫ್ರೆಂಚ್ ಪತ್ರದ ಮೊದಲ ಸಾಲುಗಳು

ನಮ್ಮ ಚಿಕ್ಕಮ್ಮನಿಗೆ ನೇರವಾಗಿ ವಿಷಯಕ್ಕೆ ಬಂದು ಗೊತ್ತಿಲ್ಲ. ಒಮ್ಮೆ ಅವಳ ಅಡುಗೆಮನೆಯಲ್ಲಿ ಗ್ಯಾಸ್ ಸೋರುತ್ತಿತ್ತು. ಆಫೀಸಿನಲ್ಲಿದ್ದ ನನಗೆ ಫೋನ್ ಮಾಡಿದವಳು, "ಚೆನ್ನಾಗಿದ್ದೀಯೇನೇ? ಕೆಲಸದ ಮಧ್ಯೆ ತೊಂದರೆ ಕೊಟ್ಟೆನಾ? ನಿಮ್ಮೆಜಮಾನ್ರ ಕೆಮ್ಮು ಹೇಗಿದೆ?" ಎಂದು ಒಂದೊಂದಾಗಿ ವಿಚಾರಿಸಿ, ನಾನು ಎಲ್ಲದಕ್ಕೂ ಉತ್ತರ ಕೊಟ್ಟಾದ ಮೇಲೆ, "ಏನಿಲ್ಲ, ಗ್ಯಾಸ್ ವಾಸನೆ ಬರ್ತಾ ಇದೆ, ಏನು ಮಾಡ್ಲಿ ಅಂತ ಕೇಳೋಣ ಅಂದ್ಕೊಂಡೆ" ಅಂದಳು. ಆವತ್ತು ಅವಳಿಗೆ ನಾನು ಬಯ್ದ ಬೈಗುಳ ಪಕ್ಕದ ಮೇಜಿನವರಿಗೂ ಕೇಳಿಸಿತ್ತು.

ತಪ್ಪು ಅವಳದಲ್ಲ, ಕಸುಬಿನದು. ಇಪ್ಪತ್ತೆಂಟು ವರ್ಷ ಚಿಕ್ಕಮ್ಮ ಒಂದು ಕೈಗವಸು ಕಾರ್ಖಾನೆಯ ರಫ್ತು ವಿಭಾಗದಲ್ಲಿ ಫ್ರೆಂಚ್ ಪತ್ರ ಬರೆಯುವ ಕೆಲಸದಲ್ಲಿದ್ದಳು. ಚರ್ಮದ ವಾಸನೆ ಮೆಟ್ಟಿಲು ಹತ್ತಿ ಬರುವ ಮೊದಲ ಮಹಡಿಯ ಕೋಣೆ, ಕಿಟಕಿಗೆ ಬೆನ್ನು ಹಾಕಿದ ಒಂದು ಮೇಜು, ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಸಂಜೆ ತರಗತಿಯಲ್ಲಿ ಕಲಿತ ಫ್ರೆಂಚ್ ಅದು. ಮಾತಾಡಲು ಹೋದರೆ ನಾಲಿಗೆ ತಡವರಿಸುತ್ತಿತ್ತು, ಬರೆಯಲು ಕೂತರೆ ಮಾತ್ರ ಸಲೀಸು. ಮನೆಯಲ್ಲಿ ನಾವೆಲ್ಲ ಅವಳನ್ನು ಮದಾಮ್ ಎಂದು ರೇಗಿಸುತ್ತಿದ್ದೆವು. ಅವಳಿಗೆ ಒಳಗೊಳಗೇ ಖುಷಿ.

ಅವಳ ಹತ್ತಿರ ಹಸಿರು ರಟ್ಟಿನ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಬರೀ ಪತ್ರದ ಮೊದಲ ಸಾಲುಗಳು. ಸರಕು ತಡವಾದಾಗ ಹೀಗೆ, ದೂರು ಬಂದಾಗ ಹೀಗೆ, ಬಹಳ ದಿನ ಮಾತು ನಿಂತುಹೋದ ಗಿರಾಕಿಗೆ ಹೀಗೆ. ಕೊನೆಯದೇ ಬಲು ಕಷ್ಟದ್ದು ಎನ್ನುತ್ತಿದ್ದಳು. ಒಮ್ಮೆ ಎಂಟು ತಿಂಗಳು ಮುನಿಸಿಕೊಂಡು ಸುಮ್ಮನಿದ್ದ ಗಿರಾಕಿಯೊಬ್ಬನಿಗೆ ಮ್ಯಾನೇಜರು ಒರಟಾಗಿ ಎರಡು ಸಾಲು ಗೀಚಿ ಕೊಟ್ಟು, ಇದನ್ನೇ ಫ್ರೆಂಚ್ ಮಾಡಿ ಕಳಿಸು ಅಂದರಂತೆ. ಚಿಕ್ಕಮ್ಮ ಅದಕ್ಕೆ ಮುಂಚೆ ತನ್ನದೇ ಮೂರು ಸಾಲು ಸೇರಿಸಿದಳು. ಗಿರಾಕಿ ಒಂದೇ ವಾರದಲ್ಲಿ ಮರಳಿ ಬಂದ. ಆವತ್ತಿನಿಂದ ಅವಳಿಗೆ ಆ ಮೊದಲ ಸಾಲುಗಳ ಮೇಲೆ ದೇವರ ಮೇಲಿರುವುದಕ್ಕಿಂತ ಹೆಚ್ಚು ನಂಬಿಕೆ.

ನನಗೆ ಆ ಭಾಷೆಯ ಗಂಧಗಾಳಿ ಇಲ್ಲ. ಆದರೂ ಆ ನೋಟ್‌ಬುಕ್ಕಿನ ಸಹವಾಸ ನನಗೆ ಬಂದದ್ದು ನನ್ನ ಮಗನಿಂದ.

ಪುಟ್ಟ ಹುಟ್ಟಿ ಏಳು ತಿಂಗಳಾದ ಮೇಲೆ ಅವನ ಕತ್ತು ನಿಲ್ಲದಾಯಿತು. ನಿಂತಿದ್ದ ಕತ್ತು ಮತ್ತೆ ವಾಲತೊಡಗಿತು. ಆಮೇಲೆ ಕೈ, ಆಮೇಲೆ ನುಂಗುವುದು. ಇಲ್ಲಿನ ಡಾಕ್ಟರುಗಳು ರಕ್ತದಲ್ಲಿ ಮಾಡಬಹುದಾದ ಪರೀಕ್ಷೆಯನ್ನೆಲ್ಲ ಮಾಡಿ ಕೈ ಚೆಲ್ಲಿದರು. ಇಂಥದೇ ಮಕ್ಕಳ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರಮ್ಮ ಒಬ್ಬರು ದೂರದ ದೇಶದ ಊರೊಂದರ ಆಸ್ಪತ್ರೆಯಲ್ಲಿದ್ದಾರೆ ಎಂದು ಪತ್ತೆ ಹಚ್ಚಿದವಳು ಚಿಕ್ಕಮ್ಮ. ಅವರ ಲೇಖನ ಫ್ರೆಂಚಿನಲ್ಲಿತ್ತು. ಚಿಕ್ಕಮ್ಮ ನನ್ನ ಹೆಸರಿನಲ್ಲಿ ಫ್ರೆಂಚಿನಲ್ಲೇ ಮೇಲ್ ಬರೆದಳು, ಅವರು ಫ್ರೆಂಚಿನಲ್ಲೇ ಉತ್ತರ ಕೊಟ್ಟರು. ನಮ್ಮ ಮೂವರ ರಕ್ತ ತರಿಸಿಕೊಂಡರು. ಒಂದು ವರ್ಷ ಪತ್ರ ಓಡಾಡಿತು. ಮೊದಲು ಬರೀ "ಮದಾಮ್" ಎಂದಿದ್ದದ್ದು ನಿಧಾನವಾಗಿ "ಶೇರ್ ಮದಾಮ್", ಅಂದರೆ ಪ್ರಿಯ ಮದಾಮ್, ಆಯಿತು. ಒಮ್ಮೆ ಅವರು ತಮ್ಮ ಮನೆಯ ಹಿತ್ತಲಲ್ಲಿ ಸಾಕಿದ ಕತ್ತೆಯ ಫೋಟೋ ಪುಟ್ಟನಿಗೆಂದೇ ಕಳಿಸಿದರು. ಅದರ ಕಿವಿ ನೋಡಿ ಪುಟ್ಟ ನಗುತ್ತಿದ್ದ. ಆ ವೇಳೆಗೆ ಅವನಿಗೆ ನಗುವುದೊಂದು ಮಾತ್ರ ಉಳಿದಿತ್ತು.

ಅವರ ಕೊನೆಯ ಮೇಲ್ ಬಂದದ್ದು ನಾಲ್ಕು ವರ್ಷದ ಹಿಂದೆ. ದೋಷ ಯಾವ ಜೀನಿನಲ್ಲಿದೆ ಎಂದು ಸಿಕ್ಕಿದೆ, ಇದು ಸಂಶೋಧನೆಯ ಫಲಿತಾಂಶವಾದ್ದರಿಂದ ನಿಮ್ಮಿಬ್ಬರ ಸಹಿಯಿರುವ ಒಪ್ಪಿಗೆ ಪತ್ರ ಬಂದರೆ ವರದಿ ಕಳಿಸುತ್ತೇನೆ ಎಂದು ಬರೆದಿದ್ದರು. ಕೆಳಗೆ ಒಂದೇ ಸಾಲು: "ನಮ್ಮ ಪುಟ್ಟ ಹೇಗಿದ್ದಾನೆ?"

ಅದು ಬರುವ ಹೊತ್ತಿಗೆ ಪುಟ್ಟ ಹೋಗಿ ಹನ್ನೊಂದು ದಿನವಾಗಿತ್ತು.

ಆ ಪ್ರಶ್ನೆಗೆ ನಾವು ಉತ್ತರ ಬರೆಯಲಿಲ್ಲ. ಚಿಕ್ಕಮ್ಮ ಎರಡು ಸಲ ಕೇಳಿದಳು, ಎರಡು ಸಲವೂ ನಾನು ಎದ್ದು ಒಳಗೆ ಹೋದೆ. ಆಮೇಲೆ ಅವಳೂ ಕೇಳುವುದನ್ನು ಬಿಟ್ಟಳು. ವರದಿ ಯಾರಿಗೆ ಬೇಕಿತ್ತು? ನಮ್ಮ ಯಜಮಾನರು ಒಂದು ಭಾನುವಾರ ಪುಟ್ಟನ ತೊಟ್ಟಿಲು, ಬಟ್ಟೆ, ಫೋಟೋ ಎಲ್ಲವನ್ನೂ ಅಟ್ಟಕ್ಕೆ ಹಾಕಿದರು. ಆವತ್ತಿನಿಂದ ಮನೆಯಲ್ಲಿ ಅವನ ಹೆಸರು ಯಾರೂ ಎತ್ತಲಿಲ್ಲ. ಎತ್ತಿದರೆ ನನಗೆ ನೋವಾಗುತ್ತದೆ ಎಂದು ಅವರು, ಅವರಿಗೆ ನೋವಾಗುತ್ತದೆ ಎಂದು ನಾನು. ಹೀಗೆ ಇಬ್ಬರೂ ಸೇರಿ ಮಗುವನ್ನು ಎರಡನೆಯ ಸಲ ಇಲ್ಲವಾಗಿಸಿದೆವು.

ಈ ವರ್ಷ ನಾನು ಮತ್ತೆ ಬಸುರಿಯಾದೆ. ಹನ್ನೆರಡನೇ ವಾರದಲ್ಲಿ ನಮ್ಮ ಲೇಡಿ ಡಾಕ್ಟರು ಹಳೆಯ ಫೈಲು ತಿರುವಿ ಹಾಕಿ ಕನ್ನಡಕ ತೆಗೆದರು.

"ಈ ಮಗುಗೂ ಅದೇ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು ಇರುತ್ತಮ್ಮ. ಗರ್ಭದ ನೀರು ತೆಗೆದು ಪರೀಕ್ಷೆ ಮಾಡ್ಬಹುದು. ಆದ್ರೆ ಲ್ಯಾಬಿನವರಿಗೆ ಏನನ್ನ ಹುಡುಕ್ಬೇಕು ಅಂತ ಗೊತ್ತಿರ್ಬೇಕಲ್ವಾ? ಆ ಫ್ರೆಂಚ್ ವರದಿ ತರಿಸಿಬಿಡಿ. ಹದಿನಾರನೇ ವಾರದ ಒಳಗೆ ಕೈಗೆ ಬಂದ್ರೆ ಸಮಯ ಇರುತ್ತೆ."

"ಹೊಸದಾಗಿ ಹುಡುಕೋಕ್ಕಾಗಲ್ವಾ?" ಇವರು ಕೇಳಿದರು.

"ಹುಡುಕ್ಬಹುದು. ತಿಂಗಳುಗಟ್ಟಲೆ ಬೇಕು. ಸಿಕ್ಕೇ ಸಿಗುತ್ತೆ ಅಂತಾನೂ ಇಲ್ಲ. ಅವರ ಹತ್ರ ಉತ್ತರಾನೇ ಇದೆಯಲ್ಲ, ಒಂದು ಮೇಲ್ ಹಾಕಿ."

ಒಂದು ಮೇಲ್ ಹಾಕಿ! ಎಷ್ಟು ಸುಲಭವಾಗಿ ಹೇಳಿಬಿಟ್ಟರು.

ಆ ಮೇಲಿಗೆ ನಾಲ್ಕು ದಿನ ಹಿಡಿಯಿತು. ಇವರು ಆಸ್ಪತ್ರೆಯ ಮೆಟ್ಟಿಲಲ್ಲೇ ನಿಂತು ಮೊಬೈಲಿನಲ್ಲಿ ಟೈಪ್ ಮಾಡಿ ಫ್ರೆಂಚಿಗೆ ತಿರುಗಿಸಿ ನನ್ನ ಮುಖಕ್ಕೆ ಹಿಡಿದರು. "ನೋಡು, ಐದು ಸೆಕೆಂಡು. ಕಳಿಸ್ಲಾ?" ನಾನು ಬೇಡ ಅಂದೆ. ನಾಲ್ಕು ವರ್ಷ ಉತ್ತರ ಕೊಡದೆ ಕೂತು ಈಗ ವರದಿ ಕಳಿಸಿ ಅಂದರೆ ಅವರೇನು ಅಂದುಕೊಂಡಾರು, ಚಿಕ್ಕಮ್ಮ ಬರೆಯಲಿ ಅಂದೆ. ಹೀಗೆ ಅವಳನ್ನು ಎಳೆದು ತಂದವಳು ನಾನೇ.

ಚಿಕ್ಕಮ್ಮ ಊಟದ ಮೇಜಿನ ಮೇಲೆ ತನ್ನ ಹಳೆಯ ಕಂಪ್ಯೂಟರ್ ಇಟ್ಟುಕೊಂಡು, ಪಕ್ಕದಲ್ಲಿ ಹಸಿರು ನೋಟ್‌ಬುಕ್ ತೆರೆದು ಕೂತಳು. ನನ್ನ ಗಂಡನ ಮೊಬೈಲ್ ಫ್ರೆಂಚನ್ನು ಮೊದಲು ಓದಿದಳು.

"ಪದ ಎಲ್ಲ ಸರಿಯಾಗೇ ಇದೆ. ಆದ್ರೆ ನೋಡು, ಬರೀ ಮದಾಮ್ ಅಂತ ಶುರು ಮಾಡಿದೆ. ನಾವು ಶೇರ್ ಮದಾಮ್ ತನಕ ಬಂದಿದ್ವಿ. ಇಷ್ಟು ದಿನ ಅಕ್ಕಾ ಅಂತಿದ್ದೋರನ್ನ ಏನ್ರೀ ಅಂದ ಹಾಗಾಗುತ್ತೆ."

"ಸರಿ, ಶೇರ್ ಹಾಕು. ಮುಂದೆ?"

"ಮುಂದೆ ಈ ಮೊಬೈಲು, ನೀವು ಚೆನ್ನಾಗಿದ್ದೀರಿ ಅಂತ ನಂಬ್ತೀನಿ ಅಂತ ಹಾಕಿದೆ. ಎಲ್ಲರೂ ಹಾಕೋದೇ. ತಪ್ಪಿಲ್ಲ. ಆದ್ರೆ ಅವರು ಒಂದು ಪ್ರಶ್ನೆ ಕೇಳಿದ್ದಾರಲ್ಲ, ಅದಕ್ಕೆ ಉತ್ತರ ಕೊಡದೆ ನಾವು ತಿರುಗಿ ನೀವು ಚೆನ್ನಾಗಿದ್ದೀರಾ ಅಂದ್ರೆ?"

ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ನನಗೆ ರೇಗಿತು. ನ್ಯಾಯವಿದ್ದದ್ದಕ್ಕೇ ಹೆಚ್ಚು ರೇಗಿತು.

ಎರಡನೆಯ ದಿನ ಅವಳು ಕ್ಷಮೆಯ ಸಾಲಿಗೆ ಬಂದಳು. ಫ್ರೆಂಚಿನಲ್ಲಿ ನಾನು ನನ್ನನ್ನು ಕ್ಷಮಿಸಿಕೊಳ್ಳುತ್ತೇನೆ ಎಂಬ ಅರ್ಥ ಬರುವ ಒಂದು ಮಾತು ಎಲ್ಲರ ಬಾಯಲ್ಲೂ ಇದೆಯಂತೆ. ಆದರೆ ಮರ್ಯಾದೆಯ ಪತ್ರದಲ್ಲಿ ಅದು ಸಲ್ಲದು. ಕ್ಷಮಿಸುವುದು ಎದುರಿನವರ ಕೆಲಸ, ನಾವು ಬೇಡಬಹುದಷ್ಟೆ. ಇನ್ನು ಆ ಮೌನಕ್ಕೆ ಏನೆನ್ನುವುದು? ದೀರ್ಘ ಮೌನ ಎಂದರೆ ಸಾಕೇ, ಕಾರಣ ಹೇಳಬೇಕೇ? ಕಾರಣ ಹೇಳದಿದ್ದರೆ ಉದಾಸೀನ ಎಂದುಕೊಳ್ಳುತ್ತಾರೆ. ಹೇಳಿದರೆ ಪಾಪ, ಅವರ ಮೇಲೆ ಒಂದು ಸಾವನ್ನು ಹೊರಿಸಿ, ಅದೇ ಉಸಿರಿನಲ್ಲಿ ಕೆಲಸ ಕೇಳಿದ ಹಾಗೆ ಆಗುತ್ತದೆ. ಮೂರನೆಯ ದಿನವೂ ಇದೇ ಪಾಡು. ಅವಳು ಒಂದು ಪದ ಹಾಕುವಳು, ತೆಗೆಯುವಳು. ನಾನು ಎದುರು ಕುರ್ಚಿಯಲ್ಲಿ ಹೊಟ್ಟೆ ಹಿಡಿದುಕೊಂಡು ವಾಂತಿ ತಡೆಯುತ್ತ ಕೂತಿರುವೆ.

"ಚಿಕ್ಕಮ್ಮ, ಇದು ಕೈಗವಸಿನ ವ್ಯಾಪಾರ ಅಲ್ಲ. ವರದಿ ಬೇಕು. ಬೇಗ ಬೇಕು. ಇಷ್ಟನ್ನ ಬರಿ, ಸಾಕು!" ಎಂದು ಕಿರುಚಿದೆ.

ಅವಳು ಕನ್ನಡಕ ಒರೆಸಿಕೊಂಡಳು.

ನಾಲ್ಕನೆಯ ದಿನ ಬೆಳಿಗ್ಗೆ ಇವರು ಕೆಲಸಕ್ಕೆ ಹೊರಡುವಾಗ ಅವಳಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. "ಚಿಕ್ಕಮ್ಮನವರೇ, ಕೈ ಮುಗೀತೀನಿ. ನೇರವಾಗಿ ಬರೆದುಬಿಡಿ. ವಿಷಯ ಮೊದಲ ಸಾಲಲ್ಲೇ ಇರ್ಲಿ." ಆ ಕಡೆಯಿಂದ ಅವಳ ದನಿ ನನಗೂ ಕೇಳಿಸಿತು. "ಆಯ್ತಪ್ಪ. ನೀವು ಹೇಳಿದ ಹಾಗೇ ಬರೀತೀನಿ. ಇವತ್ತೇ ಕಳಿಸ್ತೀನಿ."

ನಾನು ಅವಳ ಮನೆಗೆ ಹೋದಾಗ ಪತ್ರ ತಯಾರಾಗಿತ್ತು. ಮದಾಮ್ ಚಿಕ್ಕಮ್ಮ ತನ್ನ ಇಪ್ಪತ್ತೆಂಟು ವರ್ಷದ ನಂಬಿಕೆಯನ್ನು ಬದಿಗಿಟ್ಟು ನೇರವಾದ ಪತ್ರ ಬರೆದಿದ್ದಳು. ಮೇಲ್ಗಡೆ ವಿಷಯ: "ವಂಶವಾಹಿ ವರದಿಗಾಗಿ ತುರ್ತು ವಿನಂತಿ". ಕೆಳಗೆ ಶೇರ್ ಮದಾಮ್. ಮೊದಲ ಸಾಲು: "ನಾನೀಗ ಹದಿಮೂರು ವಾರದ ಗರ್ಭಿಣಿ, ಮೂರು ವಾರದೊಳಗೆ ವರದಿ ಬೇಕಾಗಿದೆ." ಒಪ್ಪಿಗೆ ಪತ್ರ ಲಗತ್ತಿಸಿದೆ. ಕ್ಷಮೆ, ಮೌನ, ಪುಟ್ಟ, ಎಲ್ಲ ಕಡೆಯ ಪ್ಯಾರಾದಲ್ಲಿ.

"ಇದೇ ಸರಿ ಕಣೇ. ನಿನ್ನ ಗಂಡ ಹೇಳಿದ್ದೇ ಸರಿ. ಅವರು ದಿನಕ್ಕೆ ಎಷ್ಟು ಮೇಲ್ ನೋಡ್ತಾರೋ ಏನೋ. ಮೇಲಿನ ಸಾಲು ಕಣ್ಣಿಗೆ ಬೀಳ್ಬೇಕು." ಹಾಗೆಂದು ಹಳೆಯದನ್ನು ಅಳಿಸಲು ಹೊರಟವಳು, "ಮೂರು ದಿನ ಬರೆದಿದ್ದೆ, ಒಂದ್ಸಲ ಕೇಳ್ಬಿಡು" ಎಂದು ಕನ್ನಡದಲ್ಲಿ ಹೇಳುತ್ತ ಹೋದಳು.

"ಪ್ರಿಯ ಮದಾಮ್, ನಮ್ಮ ದೀರ್ಘ ಮೌನವನ್ನು ದಯವಿಟ್ಟು ಕ್ಷಮಿಸಿ. ನಮ್ಮ ಪುಟ್ಟ ಹೇಗಿದ್ದಾನೆ ಎಂದು ನೀವು ಕೇಳಿದ್ದಿರಿ. ಆ ಪ್ರಶ್ನೆಗೆ ಉತ್ತರ ಬರೆಯುವ ಧೈರ್ಯ ನಮಗೆ ನಾಲ್ಕು ವರ್ಷ ಬರಲಿಲ್ಲ. ನಿಮ್ಮ ಪತ್ರ ಬರುವುದಕ್ಕೆ ಹನ್ನೊಂದು ದಿನ ಮೊದಲು ಅವನು ತೀರಿಕೊಂಡ. ಎರಡು ವರ್ಷ ಎರಡು ತಿಂಗಳು ನಮ್ಮ ಜೊತೆ ಇದ್ದ. ನೀವು ಕಳಿಸಿದ ಕತ್ತೆಯ ಫೋಟೋವನ್ನು ಅವನ ಹಾಸಿಗೆಯ ಎದುರಿನ ಗೋಡೆಗೆ ಅಂಟಿಸಿದ್ದೆವು. ಅದರ ಕಿವಿಗಳನ್ನು ನೋಡಿದಾಗಲೆಲ್ಲ ನಗುತ್ತಿದ್ದ."

ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಎದುರು ಒಬ್ಬರು ನನ್ನ ಮಗ ನಗುತ್ತಿದ್ದ ಅಂದಿದ್ದರು. ನಾನು ಅತ್ತದ್ದು ಎಷ್ಟು ಹೊತ್ತೋ ಗೊತ್ತಿಲ್ಲ. ಚಿಕ್ಕಮ್ಮ ಬೆನ್ನು ಸವರುತ್ತಿದ್ದಳು.

"ಅದನ್ನ ತೆಗೀಬೇಡ" ಅಂದೆ.

"ತೆಗ್ದಿಲ್ವಲ್ಲ, ಚಿಕ್ಕದು ಮಾಡಿ ಕೊನೇಲಿ ಹಾಕಿದ್ದೀನಿ."

"ಕೊನೇಲಿ ಬೇಡ. ಅವನನ್ನ ಕೊನೇಲಿ ಹಾಕಿ ನನ್ನ ಕೆಲಸ ಮುಂದೆ ಇಡ್ತೀಯಾ? ಅವರು ಕೇಳಿದ್ದು ಅವನನ್ನ. ಮೊದಲು ಅವನ ವಿಷಯ."

"ಬೇಡ ಕಣೇ, ನಿನ್ನ ಗಂಡಂಗೆ ಮಾತು ಕೊಟ್ಟಿದ್ದೀನಿ. ತಡ ಆಗೋದು ಬೇಡ."

"ಓದೋರು ಮನುಷ್ಯರು ತಾನೇ? ಎರಡು ಪ್ಯಾರಾ ಓದೋಕೆ ಎಷ್ಟು ಹೊತ್ತು ಬೇಕು? ಮೇಲಿನ ವಿಷಯಾನೂ ಬದಲಾಯಿಸು."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕಂಪ್ಯೂಟರಿಗೆ ತಿರುಗಿ ಹಳೆಯದನ್ನು ಮೇಲೆ ತಂದಳು. ವಿಷಯದ ಜಾಗದಲ್ಲಿ "ನಮ್ಮ ಪುಟ್ಟನ ಸುದ್ದಿ" ಎಂದು ಹಾಕಿದಳು. ಗರ್ಭ, ವಾರ, ವರದಿ ಎಲ್ಲ ಮೂರನೆಯ ಪ್ಯಾರಾಕ್ಕೆ ಇಳಿದವು. ಕಳಿಸುವ ಗುಂಡಿ ಒತ್ತಿದ್ದು ನಾನು. ಮನಸ್ಸು ಎಷ್ಟೋ ವರ್ಷದ ಮೇಲೆ ಹಗುರವಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಸಂಜೆ ಇವರು ಕೇಳಿದಾಗ, "ಕಳಿಸಿದ್ವಿ" ಎಂದಷ್ಟೇ ಹೇಳಿದೆ.

ಒಂದು ವಾರ ಉತ್ತರವಿಲ್ಲ. ಎರಡನೆಯ ವಾರ ಚಿಕ್ಕಮ್ಮ ಅದೇ ಮೇಲಿಗೆ ಸೇರಿಸಿ ನೆನಪೋಲೆ ಹಾಕಿದಳು. ಅದಕ್ಕೂ ಇಲ್ಲ. ಹಳೆಯ ಮೇಲುಗಳ ಅಡಿಯಲ್ಲಿದ್ದ ಫೋನ್ ನಂಬರು ಸತ್ತುಹೋಗಿತ್ತು. ಮೂರನೆಯ ವಾರ ಇವರು ಎಲ್ಲೆಲ್ಲೋ ತಡಕಾಡಿ ಆ ವಿಭಾಗದ ಹೊಸ ನಂಬರು ತಂದರು. ಚಿಕ್ಕಮ್ಮನಿಗೆ ಫ್ರೆಂಚ್ ಫೋನ್ ಎಂದರೆ ಜ್ವರ. ಆದರೂ ಕಾಗದದ ಮೇಲೆ ಹೇಳಬೇಕಾದದ್ದನ್ನು ಬರೆದುಕೊಂಡು, ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿಕೊಂಡು ಕರೆ ಮಾಡಿದಳು. ಈ ಸಲ ಅವಳು ಯಾರ ಕ್ಷೇಮವನ್ನೂ ವಿಚಾರಿಸಲಿಲ್ಲ.

ಆ ಕಡೆ ಡಾಕ್ಟರಮ್ಮನ ಕಾರ್ಯದರ್ಶಿ. ಪುಟ್ಟನ ಹೆಸರು ಹೇಳುತ್ತಲೇ ಆಕೆಯ ದನಿ ಕರಗಿತು. ಚಿಕ್ಕಮ್ಮ ಕೇಳುತ್ತ ಕೇಳುತ್ತ ಬಿಳಿಚಿಕೊಂಡಳು. ಎರಡು ಸಲ ಮತ್ತೊಮ್ಮೆ ಹೇಳಿ ಎಂದು ಕೇಳಿಕೊಂಡಳು. ತಾನು ಕೇಳಿಸಿಕೊಂಡದ್ದನ್ನು ನಂಬಲಾಗದೆ ಕೇಳಿದ್ದು ಅದು.

ನಡೆದದ್ದು ಇಷ್ಟು. ಡಾಕ್ಟರಮ್ಮ ಬೇರೆ ದೇಶದಲ್ಲಿ ಎರಡು ತಿಂಗಳ ಕೆಲಸದ ಮೇಲಿದ್ದರು. ಅವರ ಮೇಲುಗಳನ್ನು ಕಾರ್ಯದರ್ಶಿಯೇ ತೆರೆದು, ತುರ್ತಿನದನ್ನು ಅವರಿಗೆ ದಾಟಿಸುತ್ತಿದ್ದಳು. ನಮ್ಮದನ್ನು ತೆರೆದಳು. ಪುಟ್ಟನ ಸುದ್ದಿ ಎಂದಿತ್ತು. ಮೊದಲ ಸಾಲುಗಳನ್ನು ಓದಿ ಅತ್ತಳಂತೆ. ಮಗುವನ್ನು ಕಳೆದುಕೊಂಡ ತಾಯಿ ಡಾಕ್ಟರಿಗೆ ಬರೆದ ಸ್ವಂತದ ಪತ್ರ, ಮುಂದೆ ಓದುವುದು ತನಗೆ ಸಲ್ಲದು ಎಂದು ಅಲ್ಲಿಗೇ ನಿಲ್ಲಿಸಿದಳು. ಅಚ್ಚು ಹಾಕಿ, ಮಡಚಿ, ಲಕೋಟೆಯಲ್ಲಿಟ್ಟು, ಡಾಕ್ಟರಮ್ಮ ಮರಳಿ ಬಂದ ದಿನ ಕೈಗೇ ಕೊಡೋಣವೆಂದು ಅವರ ಮೇಜಿನ ಮೇಲೆ ಇಟ್ಟಿದ್ದಳು. ಅದೇ ಶೀರ್ಷಿಕೆಯ ಎರಡನೆಯ ಮೇಲನ್ನೂ ಓದದೆ ಅದರ ಜೊತೆಗೇ ಸೇರಿಸಿದಳು. ಅವಳನ್ನು ಹೇಗೆ ಬಯ್ಯಲಿ? ಅವಳಷ್ಟು ಮರ್ಯಾದೆಯಿಂದ ನನ್ನ ಮಗನನ್ನು ಇನ್ಯಾರೂ ನಡೆಸಿಕೊಂಡಿರಲಿಲ್ಲ.

ವಿಷಯ ತಿಳಿದ ಮೇಲೆ ಆಕೆ ಓಡಾಡಿದಳು. ಆದರೆ ವರದಿಗೆ ಡಾಕ್ಟರಮ್ಮ ಮರಳಿ ಬಂದು ತಾವೇ ಸಹಿ ಹಾಕಬೇಕು, ಹಳೆಯ ಫಲಿತಾಂಶವನ್ನು ಅವರ ಲ್ಯಾಬು ಮತ್ತೊಮ್ಮೆ ಖಚಿತಪಡಿಸಬೇಕು. ವರದಿ ಬಂದಾಗ ನನಗೆ ಇಪ್ಪತ್ತು ವಾರ ತುಂಬಿತ್ತು. ಡಾಕ್ಟರಮ್ಮನ ಪತ್ರದಲ್ಲಿ ಶೇರ್ ಎಂಬುದೂ ಇರಲಿಲ್ಲ, ಕ್ಷೇಮಸಮಾಚಾರವೂ ಇರಲಿಲ್ಲ. "ವರದಿ ಲಗತ್ತಿಸಿದೆ. ಮರಳಿ ಬಂದು ನಿಮ್ಮ ಪತ್ರವನ್ನು ನಾನು ಓದಿದ್ದು ನಿನ್ನೆ" ಎಂದು ಶುರುವಾಗಿತ್ತು.

ನಮ್ಮ ಲೇಡಿ ಡಾಕ್ಟರು ಅದನ್ನು ನೋಡಿ ಬೆರಳಲ್ಲಿ ವಾರ ಎಣಿಸಿದರು. ಈ ದೋಷಕ್ಕೆಂದೇ ಪರೀಕ್ಷೆ ಸಿದ್ಧಪಡಿಸಲು ಲ್ಯಾಬಿಗೆ ಮೂರು ವಾರ, ಉತ್ತರಕ್ಕೆ ಮತ್ತೆರಡು ವಾರ. "ಅಷ್ಟೊತ್ತಿಗೆ ಗರ್ಭ ತೆಗೆಸೋ ಗಡುವು ದಾಟಿರುತ್ತೆ, ತಿಳಿದ್ರೂ ಏನೂ ಮಾಡೋ ಹಾಗಿರಲ್ಲಮ್ಮ. ಸೂಜಿ ಹಾಕಿದ ಅಪಾಯ ಒಂದು ಸೇರ್ಕೊಳ್ಳುತ್ತೆ ಅಷ್ಟೆ. ಹುಟ್ಟಿದ ಮೇಲೆ ರಕ್ತ ನೋಡೋಣ" ಅಂದರು.

ಆ ಸಂಜೆ ಚಿಕ್ಕಮ್ಮ ನಮ್ಮ ಮನೆಗೆ ಬಂದಿದ್ದಳು. ಇವರು ಚಪ್ಪಲಿಯನ್ನೂ ಬಿಡದೆ ಹಾಲಿನ ನಡುವೆ ನಿಂತರು.

"ಮಾತು ಕೊಟ್ಟಿದ್ರಿ ನೀವು. ನೇರವಾಗಿ ಬರೀತೀನಿ ಅಂದಿದ್ರಿ. ಅದೇ ನಯ ನಾಜೂಕು, ಅದೇ ಒನಪು! ನಿಮ್ಮ ಹಳೇ ಚಟಕ್ಕೆ ನನ್ನ ಮಗುನ ಬಲಿ ಕೊಟ್ರಲ್ಲ, ಚಿಕ್ಕಮ್ಮನವರೇ."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಚಿಕ್ಕಮ್ಮ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ಅವಳಿಗೆ ಅದು ಗೊತ್ತಿತ್ತು.

"ಹೌದಪ್ಪ" ಅಂದಳು. "ನನ್ನ ಚಟ. ಮುದುಕಿ, ಬುದ್ಧಿ ಇಲ್ಲ. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ."

ಚೀಲ ತೆಗೆದುಕೊಂಡು ಹೊರಟುಹೋದಳು. ಮಾರನೆಯ ದಿನ ನಾನು ಅವಳ ಮನೆಗೆ ಓಡಿದೆ. ಬಾಗಿಲು ತೆಗೆದವಳೇ, ನಾನು ಬಾಯಿ ಬಿಡುವ ಮೊದಲೇ ವಿಷಯಕ್ಕೆ ಬಂದಳು.

"ಹೇಳ್ಬೇಡ. ಹೇಳಿ ಏನಾಗ್ಬೇಕಾಗಿದೆ? ನಾನು ಆ ಮನೇಲಿ ಇರೋಳಲ್ಲ, ನೀನು ಇರ್ಬೇಕಾದೋಳು. ನಾಳೆ ಮಗು ಹೆಚ್ಚುಕಮ್ಮಿ ಆದ್ರೆ ಅವನಿಗೆ ಬಯ್ಯೋಕೆ ಯಾರಾದ್ರೂ ಬೇಕು. ಅದು ನೀನಾಗೋದು ಬೇಡ."

"ನಾನೇ ಅಲ್ವಾ ಚಿಕ್ಕಮ್ಮ, ಹಾಗೆ ಬರಿ ಅಂದಿದ್ದು?"

"ನಿನಗಾದ್ರೂ ಏನು ಗೊತ್ತಿತ್ತು? ಗೊತ್ತಿದ್ದೋಳು ನಾನು. ನಾನೇ ತಡೀಬೇಕಿತ್ತು" ಅಂದಳು.

ಈಗ ನನಗೆ ಎಂಟು ತಿಂಗಳು. ಚಿಕ್ಕಮ್ಮ ನಮ್ಮ ಮನೆಗೆ ಬರುವುದಿಲ್ಲ. ಇವರು ಬರಬೇಡಿ ಅಂದಿಲ್ಲ, ಬನ್ನಿ ಎಂದೂ ಅಂದಿಲ್ಲ. ಮಗು ಚೆನ್ನಾಗಿ ಒದೆಯುತ್ತದೆ. ಪುಟ್ಟನೂ ಹೀಗೇ ಒದೆಯುತ್ತಿದ್ದ, ಹಾಗಾಗಿ ಒದೆತವನ್ನು ನಂಬುವ ಹಾಗಿಲ್ಲ. ಒಮ್ಮೊಮ್ಮೆ ಇವರು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಕೂರುತ್ತಾರೆ. ಒದೆತ ಸಿಕ್ಕಿದಾಗ ಅವರ ಮುಖ ಅರಳುತ್ತದೆ, ಮರುಗಳಿಗೆ ಕುಂದುತ್ತದೆ.

"ನಿಮ್ಮ ಚಿಕ್ಕಮ್ಮ ಆವತ್ತು ನೇರವಾಗಿ ಬರೆದಿದ್ರೆ, ಇಷ್ಟೊತ್ತಿಗೆ ಏನು ಅಂತ ಗೊತ್ತಾಗಿರೋದು ಅಲ್ವಾ?" ಎನ್ನುತ್ತಾರೆ.

ನಾನು ಹೂಂ ಅನ್ನುತ್ತೇನೆ.